ಶೇ. 51 ಯಾವ ಊರಿನ ಉತ್ತರ?

ವೈದ್ಯಕೀಯ ಸಂಶೋಧನೆಯನ್ನು ಜನರಿಗೆ ತಿಳಿಸುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಒಂದೇ ಪ್ರಶ್ನೆಯ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕುವುದಕ್ಕೆ ಮೆಟಾ ಅನಾಲಿಸಿಸ್ ಎನ್ನುತ್ತಾರೆ. ಅದರ ಸಾರವೆಂದರೆ ಕೊನೆಯಲ್ಲಿ ಸಿಗುವ ಒಂದು ಸರಾಸರಿ ಅಂಕಿ. ಅಧ್ಯಯನಗಳ ನಡುವಿನ ಭಿನ್ನತೆ ಮತ್ತು ಪ್ರಕಟಣೆಯ ಪಕ್ಷಪಾತ ತಜ್ಞರ ಟಿಪ್ಪಣಿಗೆ ಸೇರಿದ ವಿಷಯಗಳು, ಅವುಗಳಿಗೆ ತಲಾ ಒಂದು ವಾಕ್ಯ ಸಾಕು ಎಂಬುದು ಆ ನಂಬಿಕೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಿಡಿ ಅಧ್ಯಯನಗಳು ಒಂದೊಂದು ದಿಕ್ಕಿಗೆ ಎಳೆಯುವಾಗ ಎಲ್ಲವನ್ನೂ ಕೂಡಿಸಿ ನೋಡುವುದು ನ್ಯಾಯವಾದ ದಾರಿ. ಹಾಗೆ ಕೂಡಿಸಿದಾಗ ಆಕಸ್ಮಿಕ ಏರುಪೇರುಗಳು ಒಂದನ್ನೊಂದು ಹೊಡೆದುಹಾಕಿ ಅಂದಾಜು ನಿಖರವಾಗುತ್ತದೆ ಎಂಬುದೂ ನಿಜ. ಓದುಗರಿಗಿರುವ ಬಿಡುವು ಒಂದು ಪ್ಯಾರಾದಷ್ಟೇ ಎಂಬುದಂತೂ ನಿಜವೇ. ಆದರೂ ಈ ನಂಬಿಕೆಯಲ್ಲಿ ಒಂದು ಗೊಂದಲ ಅಡಗಿದೆ. ಸರಾಸರಿಯೇ ಫಲಿತಾಂಶ, ಉಳಿದ ಎರಡು ಅದಕ್ಕೆ ಹಚ್ಚುವ ಎಚ್ಚರಿಕೆಯ ಚೀಟಿಗಳು ಎಂದು ಅದು ಭಾವಿಸುತ್ತದೆ. ನನ್ನ ವಾದ ಬೇರೆ: ಆ ಎರಡನ್ನು ತಿಳಿಯದೆ ಸರಾಸರಿಗೆ ಅರ್ಥವೇ ಇರುವುದಿಲ್ಲ, ಎಷ್ಟೋ ಸಲ ಭಿನ್ನತೆಯೇ ಮುಖ್ಯ ಫಲಿತಾಂಶ.

ಇದನ್ನು ಒಂದೇ ಉದಾಹರಣೆಯಿಂದ ಪರೀಕ್ಷಿಸೋಣ. ಕ್ಷಯ ರೋಗದ ವಿರುದ್ಧ ಹಾಕುವ ಬಿಸಿಜಿ ಲಸಿಕೆಯ ಪ್ರಯೋಗಗಳನ್ನು ಕೋಲ್ಡಿಟ್ಸ್ ಮತ್ತು ಸಂಗಡಿಗರು ಒಟ್ಟುಗೂಡಿಸಿ 1994ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಲೆಕ್ಕದ 13 ಪ್ರಯೋಗಗಳು ಇಂದಿಗೂ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳುವ ಅಂಕಿಅಂಶಗಳಾಗಿವೆ. ಪ್ರತಿ ಪ್ರಯೋಗದಲ್ಲೂ ಲಸಿಕೆ ಪಡೆದವರಲ್ಲಿ ಎಷ್ಟು ಮಂದಿಗೆ ಕ್ಷಯ ಬಂತು, ಪಡೆಯದವರಲ್ಲಿ ಎಷ್ಟು ಮಂದಿಗೆ ಬಂತು ಎಂದು ಎಣಿಸಿ, ಮೊದಲ ಅಪಾಯವನ್ನು ಎರಡನೆಯದರಿಂದ ಭಾಗಿಸುತ್ತಾರೆ. ಈ ಅನುಪಾತ 1 ಬಂದರೆ ಲಸಿಕೆಯಿಂದ ವ್ಯತ್ಯಾಸವಾಗಲಿಲ್ಲ ಎಂದರ್ಥ, 0.5 ಬಂದರೆ ಅಪಾಯ ಅರ್ಧಕ್ಕಿಳಿಯಿತು ಎಂದರ್ಥ. ಹದಿಮೂರನ್ನೂ ಕೂಡಿಸಿದಾಗ ಬಂದ ಅನುಪಾತ 0.49, ಅದರ ಶೇ. 95 ವಿಶ್ವಾಸದ ವ್ಯಾಪ್ತಿ 0.34ರಿಂದ 0.70. ಲಸಿಕೆಯ ರಕ್ಷಣೆ ಶೇ. 51 ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಪ್ರಬಂಧದ ಸಾರಾಂಶವೂ ಬಿಸಿಜಿ ಸರಾಸರಿಯಲ್ಲಿ ಕ್ಷಯದ ಅಪಾಯವನ್ನು ಶೇ. 50ರಷ್ಟು ತಗ್ಗಿಸುತ್ತದೆ ಎಂದೇ ತೀರ್ಮಾನಿಸಿತು. ಲೆಕ್ಕದಲ್ಲಿ ತಪ್ಪಿಲ್ಲ. ‘ಸರಾಸರಿಯಲ್ಲಿ’ ಎಂಬ ಪದವನ್ನೂ ಲೇಖಕರು ಪ್ರಾಮಾಣಿಕವಾಗಿ ಇಟ್ಟಿದ್ದಾರೆ. ಆದರೆ ಬಾಯಿಂದ ಬಾಯಿಗೆ ಹೋಗುವಾಗ ಮೊದಲು ಉದುರುವುದು ಆ ಪದವೇ. ‘ಬಿಸಿಜಿ ಶೇ. 50ರಷ್ಟು ರಕ್ಷಣೆ ಕೊಡುತ್ತದೆ’ ಎಂದಷ್ಟೇ ಉಳಿಯುತ್ತದೆ.

ಇದು ಯಾರ ಸರಾಸರಿ ಎಂಬುದು ಮೊದಲ ಪ್ರಶ್ನೆ. ಹದಿಮೂರು ಪ್ರಯೋಗಗಳಲ್ಲಿ ಒಟ್ಟು 3,57,347 ಜನರಿದ್ದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ 1,76,782 ಮಂದಿ, ಒಂದೇ ಪ್ರಯೋಗಕ್ಕೆ ಸೇರಿದವರು: ಮದ್ರಾಸಿನ ಪಕ್ಕದ ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ 1968ರಲ್ಲಿ ಆರಂಭವಾದ ಪ್ರಯೋಗಕ್ಕೆ. ಅಲ್ಲಿ ಲಸಿಕೆ ಪಡೆದ 88,391 ಜನರಲ್ಲಿ 505 ಮಂದಿಗೆ ಕ್ಷಯ ಬಂತು. ಪಡೆಯದ ಅಷ್ಟೇ ಸಂಖ್ಯೆಯ ಜನರಲ್ಲಿ 499 ಮಂದಿಗೆ ಬಂತು. ಅನುಪಾತ 1.01. ಸರಾಸರಿ ತೆಗೆಯುವಾಗ ಈ ಪ್ರಯೋಗಕ್ಕೆ ಸಿಕ್ಕ ತೂಕ ಶೇ. 10. ಪಟ್ಟಿಯ ಮೊದಲಲ್ಲಿರುವ, 1948ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಇದ್ದವರು ಬರೀ 262 ಜನ. ಅದಕ್ಕೆ ಸಿಕ್ಕ ತೂಕ ಶೇ. 5. ಒಂದೂಮುಕ್ಕಾಲು ಲಕ್ಷ ಜನರ ಮಾತಿಗೆ ಇನ್ನೂರರವತ್ತೆರಡು ಜನರ ಮಾತಿನ ಎರಡು ಪಟ್ಟು ಬೆಲೆ ಮಾತ್ರ. ಇದು ಮೋಸವಲ್ಲ, ಆಯ್ದುಕೊಂಡ ವಿಧಾನದ ಸಹಜ ಪರಿಣಾಮ. ಪರಿಣಾಮ ಊರಿಂದ ಊರಿಗೆ ನಿಜವಾಗಿಯೂ ಬದಲಾಗುತ್ತದೆ ಎಂದು ಒಪ್ಪಿಕೊಂಡು ಮಾಡುವ ಲೆಕ್ಕದಲ್ಲಿ ಪ್ರತಿ ಪ್ರಯೋಗವೂ ಒಂದು ಸನ್ನಿವೇಶದ ಪ್ರತಿನಿಧಿ. ಆದ್ದರಿಂದ ತೂಕಗಳು ಸಮಸಮಕ್ಕೆ ಹತ್ತಿರ ಬರುತ್ತವೆ. ಅದನ್ನು ಬಿಟ್ಟು, ಎಲ್ಲ ಕಡೆಯೂ ಪರಿಣಾಮ ಒಂದೇ ಎಂದು ಊಹಿಸಿ ಲೆಕ್ಕ ಹಾಕಿದರೆ ಚೆಂಗಲ್‌ಪಟ್ಟಿನ ತೂಕ ಶೇ. 41ಕ್ಕೆ ಏರುತ್ತದೆ, ಸರಾಸರಿ ರಕ್ಷಣೆ ಶೇ. 35ಕ್ಕೆ ಇಳಿಯುತ್ತದೆ. ಅಂಕಿಅಂಶ ಅದೇ, ಉತ್ತರ ಎರಡು. ಹಾಗಾದರೆ ಶೇ. 51 ಎಂಬುದು ಲಸಿಕೆಯ ಗುಣವೊಂದರ ಅಳತೆಯಲ್ಲ. ಹದಿಮೂರು ಸನ್ನಿವೇಶಗಳಿಗೆ ಹೆಚ್ಚುಕಡಿಮೆ ಸಮಾನ ಮತ ಕೊಟ್ಟಾಗ ಬರುವ ಮಧ್ಯದ ಬಿಂದು.

ಎರಡನೆಯದು ಭಿನ್ನತೆಯ ಪ್ರಶ್ನೆ. ಈ ಹದಿಮೂರರ ಭಿನ್ನತೆಯನ್ನು `I²` ಎಂಬ ಅಳತೆಯಲ್ಲಿ ಹೇಳಿದರೆ ಶೇ. 92. ಸಾರಾಂಶಗಳಲ್ಲಿ ಸಾಮಾನ್ಯವಾಗಿ ಇದರ ಮುಂದೆ ‘ಭಿನ್ನತೆ ಹೆಚ್ಚು’ ಎಂದು ಬರೆದು ಮುಂದೆ ಸಾಗುತ್ತಾರೆ. ಆ ಶೇ. 92 ಏನು ಹೇಳುತ್ತದೆ? ಪ್ರಯೋಗಗಳ ಫಲಿತಾಂಶಗಳಲ್ಲಿ ಕಾಣುವ ಏರುಪೇರಿನ ಎಷ್ಟು ಪಾಲು ಬರೀ ಆಕಸ್ಮಿಕವಲ್ಲ ಎಂಬುದನ್ನು. ಏರುಪೇರು ಎಷ್ಟು ದೊಡ್ಡದು ಎಂಬುದನ್ನು ಅದು ಹೇಳುವುದೇ ಇಲ್ಲ. ಪ್ರಯೋಗಗಳು ದೊಡ್ಡದಾದಷ್ಟೂ ಆಕಸ್ಮಿಕದ ಪಾಲು ಕುಗ್ಗುವುದರಿಂದ, ಊರೂರಿನ ವ್ಯತ್ಯಾಸ ಅತ್ಯಲ್ಪವಾಗಿದ್ದರೂ ಈ ಶೇಕಡಾವಾರು ಮೇಲೇರಬಹುದು. ಪ್ರಯೋಗಗಳೆಲ್ಲ ಚಿಕ್ಕವಾಗಿದ್ದರೆ ದೊಡ್ಡ ವ್ಯತ್ಯಾಸವೂ ಕಡಿಮೆ ಅಂಕಿಯ ಹಿಂದೆ ಮರೆಯಾಗಬಹುದು. ಹೀಗಾಗಿ ಶೇ. 92 ಎಂದು ಬರೆದವರು ಓದುಗರಿಗೆ ಬೇಕಾದ ಮಾಹಿತಿಯನ್ನು ಇನ್ನೂ ಕೊಟ್ಟಿಲ್ಲ. ಓದುಗರಿಗೆ ಬೇಕಾದದ್ದು ಇದು: ಇದೇ ಬಗೆಯ ಹೊಸದೊಂದು ಊರಿನಲ್ಲಿ ಈ ಲಸಿಕೆ ಹಾಕಿದರೆ ಪರಿಣಾಮ ಎಲ್ಲಿಂದ ಎಲ್ಲಿಯವರೆಗೆ ಇರಬಹುದು?

ಅದಕ್ಕೆ ಉತ್ತರ ಕೊಡುವ ಅಳತೆಯೊಂದಿದೆ. ಅದನ್ನು ಮುನ್ಸೂಚನೆಯ ವ್ಯಾಪ್ತಿ ಎನ್ನಬಹುದು. ಬಿಸಿಜಿ ಪ್ರಯೋಗಗಳಲ್ಲಿ ಅದು ಸುಮಾರು 0.15ರಿಂದ 1.55ರವರೆಗೆ ಹರಡಿದೆ. ಇದನ್ನು ವಿಶ್ವಾಸದ ವ್ಯಾಪ್ತಿಯ ಪಕ್ಕದಲ್ಲಿಟ್ಟು ನೋಡಬೇಕು. 0.34ರಿಂದ 0.70 ಎಂಬುದು ‘ಸರಾಸರಿ ಎಲ್ಲಿದೆ ಎಂದು ನಮಗೆಷ್ಟು ಗೊತ್ತು’ ಎಂಬ ಪ್ರಶ್ನೆಗೆ ಉತ್ತರ. 0.15ರಿಂದ 1.55 ಎಂಬುದು ‘ಮುಂದಿನ ಊರಿನಲ್ಲಿ ಏನಾಗಬಹುದು’ ಎಂಬುದಕ್ಕೆ. ಮೊದಲನೆಯದು 1ನ್ನು ಮುಟ್ಟುವುದಿಲ್ಲ, ಹಾಗಾಗಿ ಸರಾಸರಿಯಲ್ಲಿ ರಕ್ಷಣೆ ಖಚಿತ. ಎರಡನೆಯದು 1ನ್ನು ದಾಟುತ್ತದೆ, ಹಾಗಾಗಿ ನಿಮ್ಮ ಊರಿನಲ್ಲಿ ರಕ್ಷಣೆ ಖಚಿತವಲ್ಲ. ಎರಡೂ ಏಕಕಾಲಕ್ಕೆ ನಿಜ. ಗೊಂದಲ ಹುಟ್ಟುವುದು ಮೊದಲನೆಯದನ್ನು ಓದಿ ಎರಡನೆಯದರ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಭಾವಿಸಿದಾಗ. ಇಲ್ಲಿ ಒಂದು ಎಚ್ಚರವೂ ಬೇಕು: ವ್ಯಾಪ್ತಿಯ ಮೇಲಿನ ತುದಿ 1.55 ಎಂದಾಕ್ಷಣ ಲಸಿಕೆ ಕ್ಷಯವನ್ನು ಹೆಚ್ಚಿಸುತ್ತದೆ ಎಂದು ಓದಬಾರದು. ಹದಿಮೂರರಲ್ಲಿ 1ಕ್ಕಿಂತ ಸ್ಪಷ್ಟವಾಗಿ ಮೇಲಿರುವ ಅನುಪಾತ ಒಂದೇ ಪ್ರಯೋಗದ್ದು. ಅದು ನಿಂತಿರುವುದು ಲಸಿಕೆ ಪಡೆದವರಲ್ಲಿ 5, ಪಡೆಯದವರಲ್ಲಿ 3 ರೋಗಿಗಳ ಮೇಲೆ. ಅಷ್ಟು ಕಡಿಮೆ ಸಂಖ್ಯೆಯಿಂದ ಏನನ್ನೂ ಹೇಳಲಾಗದು. ಆ ತುದಿಯನ್ನು ‘ಪ್ರಯೋಜನವೇ ಸಿಗದಿರಬಹುದು’ ಎಂದು ಓದುವುದು ಸರಿ.

ಭಿನ್ನತೆ ಇದೆ ಎಂದ ಮೇಲೆ ಅದು ಎಲ್ಲಿಂದ ಬಂತು ಎಂದು ಕೇಳದೆ ಬಿಡುವಂತಿಲ್ಲ. ಬ್ರಿಟನ್ನಿನಲ್ಲಿ ಶಾಲೆ ಮುಗಿಸುವ ವಯಸ್ಸಿನ ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗವನ್ನು ಚೆಂಗಲ್‌ಪಟ್ಟಿನ ಎದುರಿಗೆ ಇಡಿ. ಬ್ರಿಟನ್ನಿನಲ್ಲಿ ಲಸಿಕೆ ಪಡೆಯದ ಸಾವಿರ ಜನರಲ್ಲಿ ಸುಮಾರು 19 ಮಂದಿಗೆ ಕ್ಷಯ ಬಂದರೆ, ಪಡೆದ ಸಾವಿರದಲ್ಲಿ ಐದಕ್ಕಿಂತ ಕಡಿಮೆ, ರಕ್ಷಣೆ ಶೇ. 76. ಚೆಂಗಲ್‌ಪಟ್ಟಿನಲ್ಲಿ ಸಾವಿರಕ್ಕೆ ಎರಡೂ ಕಡೆ ಆರರ ಹತ್ತಿರ, ರಕ್ಷಣೆ ಸೊನ್ನೆ. ಎರಡೂ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಪ್ರಯೋಗಗಳು. ಒಂದನ್ನು ಆಕಸ್ಮಿಕವೆಂದು ಬದಿಗಿಡಲು ಆಗದು. ಕೋಲ್ಡಿಟ್ಸ್ ತಂಡ ಹುಡುಕಿದಾಗ ಕಂಡದ್ದು ಭೂಗೋಳ: ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಲಸಿಕೆಯ ರಕ್ಷಣೆ ಹೆಚ್ಚು. ಅಕ್ಷಾಂಶ ಮತ್ತು ಅಧ್ಯಯನದ ಗುಣಮಟ್ಟ ಎರಡೂ ಸೇರಿ ಭಿನ್ನತೆಯ ಶೇ. 66ನ್ನು ವಿವರಿಸುತ್ತವೆ ಎಂದು ಅವರೇ ಬರೆದರು. ಅಕ್ಷಾಂಶವೊಂದನ್ನೇ ಇಟ್ಟುಕೊಂಡು ಗೆರೆ ಎಳೆದರೆ, 44 ಡಿಗ್ರಿಯಲ್ಲಿ ನಿರೀಕ್ಷಿತ ಅನುಪಾತ ಸುಮಾರು 0.36, 13 ಡಿಗ್ರಿಯಲ್ಲಿ ಸುಮಾರು 0.88. ಅಕ್ಷಾಂಶ ತಾನೇ ಕಾರಣವಲ್ಲ, ಬೇರೊಂದರ ಗುರುತು. ಬಿಸಿಲು ನಾಡುಗಳ ಮಣ್ಣು ನೀರಿನಲ್ಲಿ ಕ್ಷಯದ ಬ್ಯಾಕ್ಟೀರಿಯಾಕ್ಕೆ ದಾಯಾದಿಗಳಾದ ನಿರುಪದ್ರವಿ ಬ್ಯಾಕ್ಟೀರಿಯಾಗಳು ಹೆಚ್ಚು. ಅವುಗಳ ಸೋಂಕಿನಿಂದ ದೇಹಕ್ಕೆ ಮೊದಲೇ ಒಂದಿಷ್ಟು ಪರಿಚಯವಾಗಿದ್ದರೆ, ಆಮೇಲೆ ಹಾಕಿದ ಲಸಿಕೆ ಹೊಸದಾಗಿ ಸೇರಿಸುವುದು ಕಡಿಮೆ ಎಂಬುದು ಪ್ರಬಲವಾದ ವಿವರಣೆ. ನವಜಾತ ಶಿಶುಗಳಲ್ಲಿ ಮತ್ತು ಮೊದಲೇ ಚರ್ಮದ ಪರೀಕ್ಷೆ ಮಾಡಿ ಸೋಂಕು ತಗಲದವರನ್ನು ಮಾತ್ರ ಆರಿಸಿದ ಪ್ರಯೋಗಗಳಲ್ಲಿ ರಕ್ಷಣೆ ಹೆಚ್ಚು ಎಂದು 2014ರ ಇನ್ನೊಂದು ವಿಶ್ಲೇಷಣೆಯಲ್ಲಿ ಕಂಡದ್ದು ಇದಕ್ಕೆ ಬಲ ಕೊಡುತ್ತದೆ. ಆದರೂ ಹದಿಮೂರು ಬಿಂದುಗಳ ಮೇಲೆ, ಫಲಿತಾಂಶ ನೋಡಿದ ಮೇಲೆ ಎಳೆದ ಗೆರೆ ಇದು. ಸಾರಾಂಶದಲ್ಲಿ ಅದನ್ನು ‘ಸಾಬೀತಾಗಿದೆ’ ಎನ್ನದೆ ‘ಬಹುಪಾಲು ಹೊಂದುತ್ತದೆ’ ಎನ್ನಬೇಕು.

ಮೂರನೆಯದು ಪ್ರಕಟಣೆಯ ಪಕ್ಷಪಾತ. ಒಳ್ಳೆಯ ಫಲಿತಾಂಶ ಬಂದ ಅಧ್ಯಯನ ಅಚ್ಚಾಗುತ್ತದೆ, ಬರದದ್ದು ಕಪಾಟಿನಲ್ಲಿ ಉಳಿಯುತ್ತದೆ. ಅಚ್ಚಾದವುಗಳನ್ನಷ್ಟೇ ಕೂಡಿಸಿದರೆ ಸರಾಸರಿ ಉಬ್ಬುತ್ತದೆ. ಇದನ್ನು ಪತ್ತೆಹಚ್ಚಲು ಅಧ್ಯಯನದ ನಿಖರತೆಯ ಎದುರು ಪರಿಣಾಮವನ್ನು ಗುರುತಿಸಿ ಆಲಿಕೆಯಾಕಾರದ ನಕ್ಷೆ ಬರೆಯುತ್ತಾರೆ. ಚಿಕ್ಕ ಅಧ್ಯಯನಗಳು ಒಂದೇ ಪಕ್ಕಕ್ಕೆ ವಾಲಿದ್ದರೆ ಸಂಶಯ ಪಡುತ್ತಾರೆ, ವಾಲಿಕೆಯನ್ನು ಒಂದು ಪರೀಕ್ಷೆಯಿಂದ ಅಳೆಯುತ್ತಾರೆ. ಬಿಸಿಜಿ ಅಂಕಿಗಳ ಮೇಲೆ ಆ ಪರೀಕ್ಷೆ ನಡೆಸಿದರೆ ಗಮನಾರ್ಹ ವಾಲಿಕೆ ಕಾಣುವುದಿಲ್ಲ. ಪಿ ಮೌಲ್ಯ ಸುಮಾರು 0.4. ‘ಪ್ರಕಟಣೆಯ ಪಕ್ಷಪಾತ ಇಲ್ಲ’ ಎಂದು ಬರೆಯುವ ಆಸೆ ಹುಟ್ಟುವುದು ಇಲ್ಲಿ. ಎರಡು ಕಾರಣಗಳಿಂದ ಆ ವಾಕ್ಯ ತಪ್ಪು. ಹದಿಮೂರು ಅಧ್ಯಯನಗಳಿರುವಾಗ ಈ ಪರೀಕ್ಷೆಯ ಕಣ್ಣು ಮಂದ. ಹತ್ತಕ್ಕಿಂತ ಕಡಿಮೆ ಇದ್ದರೆ ಅದನ್ನು ನಡೆಸಲೇಬೇಡಿ ಎಂಬುದು ರೂಢಿಯ ಸಲಹೆ. ಇನ್ನೊಂದು ಕಾರಣ ಹೆಚ್ಚು ಆಳದ್ದು: ಭಿನ್ನತೆ ಇಷ್ಟಿರುವಾಗ ನಕ್ಷೆ ವಾಲಿದ್ದರೂ ಅದು ಪಕ್ಷಪಾತವನ್ನು ಸಾಬೀತು ಮಾಡುತ್ತಿರಲಿಲ್ಲ. ಬಹಳ ಚಿಕ್ಕ ಪ್ರಯೋಗಗಳು ಉತ್ತರ ಅಮೆರಿಕದ ತಂಪು ಪ್ರದೇಶದವು, ಅತಿ ದೊಡ್ಡವೆರಡು ಚೆಂಗಲ್‌ಪಟ್ಟು ಮತ್ತು ಪೋರ್ಟೊ ರಿಕೊದವು. ಚಿಕ್ಕದು ದೊಡ್ಡದರ ನಡುವಿನ ಅಂತರದಲ್ಲಿ ಊರಿನ ಅಂತರವೂ ಬೆರೆತಿದೆ. ಎರಡನ್ನೂ ಆ ನಕ್ಷೆ ಬೇರ್ಪಡಿಸಲಾರದು.

ಪಕ್ಷಪಾತದ ಬಗ್ಗೆ ನಿಜವಾದ ಸಾಕ್ಷ್ಯ ನಕ್ಷೆಯಿಂದಲ್ಲ, ದಾಖಲೆಯಿಂದ ಬರುತ್ತದೆ. ಖಿನ್ನತೆಯ ಔಷಧಗಳ ವಿಷಯದಲ್ಲಿ ಟರ್ನರ್ ಮತ್ತು ಸಂಗಡಿಗರು 2008ರಲ್ಲಿ ಮಾಡಿದ್ದು ಇದನ್ನೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿತವಾದ 74 ಅಧ್ಯಯನಗಳನ್ನು ಅಚ್ಚಾದವುಗಳ ಜತೆ ಒಂದೊಂದಾಗಿ ತಾಳೆ ನೋಡಿದರು. ಪತ್ರಿಕೆಗಳಲ್ಲಿ ಶೇ. 94ರಷ್ಟು ಅಧ್ಯಯನಗಳು ಔಷಧದ ಪರವಾಗಿ ಕಂಡವು. ಸಂಸ್ಥೆಯ ದಾಖಲೆಯಲ್ಲಿ ಹಾಗಿದ್ದದ್ದು ಶೇ. 51 ಮಾತ್ರ. ಅಚ್ಚಾದವುಗಳಿಂದ ಲೆಕ್ಕ ಹಾಕಿದ ಪರಿಣಾಮ ದಾಖಲೆಯ ಲೆಕ್ಕಕ್ಕಿಂತ ಸುಮಾರು ಮೂರನೇ ಒಂದು ಭಾಗ ಉಬ್ಬಿತ್ತು. ಆದ್ದರಿಂದ ಸಾರಾಂಶದಲ್ಲಿ ಹೇಳಬೇಕಾದದ್ದು ಪರೀಕ್ಷೆ ಪಾಸಾಯಿತೇ ಫೇಲಾಯಿತೇ ಎಂಬುದನ್ನಲ್ಲ. ಎಲ್ಲಿ ಹುಡುಕಿದರು, ಅಚ್ಚಾಗದವುಗಳನ್ನು ಕೇಳಿದರೇ, ಏನು ತಪ್ಪಿರಬಹುದು ಎಂಬುದನ್ನು. ಬಿಸಿಜಿ ವಿಶ್ಲೇಷಣೆಯ ಶೀರ್ಷಿಕೆಯೇ ಅದು ‘ಪ್ರಕಟಿತ ಸಾಹಿತ್ಯ’ದ ವಿಶ್ಲೇಷಣೆ ಎನ್ನುತ್ತದೆ. ಆದರೆ ಅತಿ ದೊಡ್ಡ ಪ್ರಯೋಗ ಸೊನ್ನೆ ಫಲಿತಾಂಶ ಕೊಟ್ಟೂ ಅಚ್ಚಾಗಿ ಆ ಲೆಕ್ಕದೊಳಗಿದೆ. ಇಲ್ಲಿ ಉತ್ತರವನ್ನು ಹೆಚ್ಚು ಅಲುಗಾಡಿಸುವುದು ಕಪಾಟಿನಲ್ಲಿ ಉಳಿದ ಯಾವುದೋ ಚಿಕ್ಕ ಪ್ರಯೋಗವಲ್ಲ, ಭಿನ್ನತೆ.

ಇಷ್ಟರಿಂದ ಒಂದು ಪ್ಯಾರಾದ ಸಾರಾಂಶಕ್ಕೆ ನಾಲ್ಕು ನಿಯಮಗಳು ಹೊರಡುತ್ತವೆ.

1. ಸರಾಸರಿಯನ್ನು ಹೇಳಿ, ಅದು ಯಾವುದರ ಸರಾಸರಿ ಎಂಬುದನ್ನೂ ಅದೇ ವಾಕ್ಯದಲ್ಲಿ ಹೇಳಿ.

2. ಭಿನ್ನತೆಯನ್ನು ಶೇಕಡಾವಾರಿನಲ್ಲಲ್ಲ, ಪರಿಣಾಮದ ವ್ಯಾಪ್ತಿಯಲ್ಲಿ ಹೇಳಿ. ಎರಡು ತುದಿಗಳಿಗೆ ಒಂದೊಂದು ನಿಜವಾದ ಊರನ್ನು ತೋರಿಸಿ.

3. ವ್ಯಾಪ್ತಿಗೆ ಕಾರಣ ಗೊತ್ತಿದ್ದರೆ ಎಷ್ಟು ಖಚಿತವೋ ಅಷ್ಟೇ ಬಲವಾಗಿ ಹೇಳಿ.

4. ಪಕ್ಷಪಾತದ ಬಗ್ಗೆ ‘ಇದೆ’, ‘ಇಲ್ಲ’ ಎನ್ನಬೇಡಿ. ಏನು ಮಾಡಿ ನೋಡಿದರು, ಅದರಿಂದ ಏನು ತಿಳಿಯಲಾರದು ಎಂದು ಹೇಳಿ.

ಈ ನಿಯಮಗಳ ಪ್ರಕಾರ ಬಿಸಿಜಿಯ ಪ್ಯಾರಾ ಹೀಗಿರುತ್ತದೆ:

“1948ರಿಂದ 1980ರವರೆಗೆ ಪ್ರಕಟವಾದ 13 ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ, ಅವು ನಡೆದ ಸ್ಥಳಗಳ ಸರಾಸರಿಯಲ್ಲಿ ಬಿಸಿಜಿ ಲಸಿಕೆ ಕ್ಷಯದ ಅಪಾಯವನ್ನು ಸುಮಾರು ಅರ್ಧಕ್ಕೆ ಇಳಿಸಿತು, ಈ ಸರಾಸರಿ ಇಳಿಕೆ ಶೇ. 30ರಿಂದ 66ರೊಳಗೆ ಇರುವ ಸಂಭವ ಹೆಚ್ಚು. ಆದರೆ ಫಲಿತಾಂಶ ಊರಿಂದ ಊರಿಗೆ ಬಹಳ ಬದಲಾಯಿತು: ಬ್ರಿಟನ್ನಿನಲ್ಲಿ ಅಪಾಯ ಶೇ. 76ರಷ್ಟು ತಗ್ಗಿದರೆ, ಚೆಂಗಲ್‌ಪಟ್ಟಿನಲ್ಲಿ ಏನೂ ತಗ್ಗಲಿಲ್ಲ. ಇಂಥದೇ ಹೊಸ ಊರಿನಲ್ಲಿ ಶೇ. 85ರಷ್ಟು ರಕ್ಷಣೆಯೂ ಸಿಗಬಹುದು, ಏನೂ ಸಿಗದಿರಲೂಬಹುದು. ಸಮಭಾಜಕ ವೃತ್ತಕ್ಕೆ ಹತ್ತಿರವಾದಷ್ಟೂ ರಕ್ಷಣೆ ಕುಗ್ಗಿದೆ. ಭಿನ್ನತೆಯ ಹೆಚ್ಚಿನ ಭಾಗ ಇದಕ್ಕೆ ಹೊಂದುತ್ತದೆ. ಕೆಲವು ಪ್ರಯೋಗಗಳು ಪ್ರಕಟವಾಗದ್ದರಿಂದ ಸರಾಸರಿ ಉಬ್ಬಿದೆ ಎಂಬ ಸುಳಿವು ಸಿಕ್ಕಿಲ್ಲ, ಆದರೆ ಇಷ್ಟು ಕಡಿಮೆ ಮತ್ತು ಭಿನ್ನವಾದ ಅಧ್ಯಯನಗಳಲ್ಲಿ ಆ ಪರೀಕ್ಷೆ ಅದನ್ನು ತಳ್ಳಿಹಾಕಲಾರದು.”

ಆಕ್ಷೇಪಗಳನ್ನೂ ತೂಗಬೇಕು. ಇಷ್ಟು ಭಿನ್ನತೆ ಇದ್ದ ಮೇಲೆ ಕೂಡಿಸುವುದೇ ತಪ್ಪು, ಸರಾಸರಿಯನ್ನೇ ಬಿಟ್ಟುಬಿಡಿ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಬಲವಿದೆ, ಆದರೆ ನಾನು ಒಪ್ಪುವುದಿಲ್ಲ. ಅಕ್ಷಾಂಶದ ನಂಟು ಕಣ್ಣಿಗೆ ಬಿದ್ದದ್ದು ಎಲ್ಲವನ್ನೂ ಒಂದೇ ಅಳತೆಗೋಲಿಗೆ ತಂದು ಪಕ್ಕಪಕ್ಕ ಇಟ್ಟದ್ದರಿಂದ. ಕೂಡಿಸುವ ಕೆಲಸದ ದೊಡ್ಡ ಲಾಭ ಸರಾಸರಿಯಲ್ಲ, ಹೋಲಿಕೆ. ಸಾಮಾನ್ಯ ಓದುಗರು ಇಷ್ಟು ಅಂಕಿಗಳನ್ನು ಹೊರಲಾರರು ಎಂಬುದು ಇನ್ನೊಂದು ಆಕ್ಷೇಪ. ಮೇಲಿನ ಪ್ಯಾರಾದಲ್ಲಿ ಪಿ ಮೌಲ್ಯವಿಲ್ಲ, `I²` ಇಲ್ಲ, ಅನುಪಾತವೂ ಇಲ್ಲ. ಇರುವುದು ಎರಡು ಊರು ಮತ್ತು ಕೆಲವು ಶೇಕಡಾವಾರು. ಓದುಗರಿಗೆ ಹೊರೆಯಾಗುವುದು ಅರ್ಥ ಬಿಡಿಸದ ಅಂಕಿ, ಅರ್ಥವಾಗುವ ಅಂಕಿಯಲ್ಲ. ಮೂರನೆಯ ಆಕ್ಷೇಪ ನನಗೆ ಅತಿ ಗಂಭೀರವಾಗಿ ಕಾಣುತ್ತದೆ: ‘ಏನೂ ಸಿಗದಿರಲೂಬಹುದು’ ಎಂದು ಬರೆದರೆ ಜನ ಮಗುವಿಗೆ ಲಸಿಕೆ ಹಾಕಿಸುವುದನ್ನು ಬಿಟ್ಟಾರು. ಈ ಭಯಕ್ಕೆ ಉತ್ತರ ಮುಚ್ಚಿಡುವುದಲ್ಲ, ಪ್ರಶ್ನೆಯನ್ನು ಸರಿಯಾಗಿ ಬಿಡಿಸುವುದು. ನಮ್ಮಲ್ಲಿ ಹುಟ್ಟಿದ ಮಗುವಿಗೆ ಬಿಸಿಜಿ ಹಾಕುವುದು ಮುಖ್ಯವಾಗಿ ಎಳೆಯ ಮಕ್ಕಳನ್ನು ಮಿದುಳಿನ ಪೊರೆಯ ಕ್ಷಯದಂಥ ಮಾರಕ ರೂಪಗಳಿಂದ ಕಾಪಾಡಲು. ಅದೇ 1994ರ ವಿಶ್ಲೇಷಣೆಯಲ್ಲಿ ಮಿದುಳಿನ ಪೊರೆಯ ಕ್ಷಯದ ವಿರುದ್ಧ ರಕ್ಷಣೆ ಶೇ. 64 ಎಂದು ಬಂದಿದೆ. ಚೆಂಗಲ್‌ಪಟ್ಟಿನ ಫಲಿತಾಂಶ ಆ ಕಾರಣವನ್ನು ಅಲ್ಲಗಳೆಯುವುದಿಲ್ಲ. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಈ ಲಸಿಕೆಯೊಂದರಿಂದಲೇ ತಡೆದೇವು ಎಂಬ ಭರವಸೆಯನ್ನು ಮಾತ್ರ ಅದು ಅಲ್ಲಗಳೆಯುತ್ತದೆ. ಈ ಎರಡನ್ನೂ ಬೆರೆಸಿ ‘ಶೇ. 50’ ಎಂದು ಹೇಳಿದರೆ, ಮಗುವಿನ ತಾಯಿಗೆ ಸಿಗಬೇಕಾದ ಧೈರ್ಯವೂ ಸಿಗುವುದಿಲ್ಲ, ಕ್ಷಯ ನಿಯಂತ್ರಣ ಮಾಡುವವರಿಗೆ ಸಿಗಬೇಕಾದ ಎಚ್ಚರವೂ ಸಿಗುವುದಿಲ್ಲ.

ಸಾರಾಂಶ ಬರೆಯುವವರು ಕೊನೆಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಪ್ಯಾರಾ ಓದುವವರು ಯಾವ ಊರಿನಲ್ಲಿದ್ದಾರೆ, ಅವರ ಊರಿನ ಬಗ್ಗೆ ಈ ಸರಾಸರಿ ಏನು ಹೇಳುತ್ತದೆ? ಹದಿಮೂರು ಪ್ರಯೋಗಗಳಲ್ಲಿ ಭಾರತದಲ್ಲಿ ನಡೆದವು ಎರಡು. ಒಂದು ಚೆಂಗಲ್‌ಪಟ್ಟು, ಇನ್ನೊಂದು ನಮ್ಮ ಗಡಿಯಾಚೆಗೇ ಇರುವ ಮದನಪಲ್ಲಿ. ಅಲ್ಲಿ ಬಂದ ಅನುಪಾತ 0.80, ಅದೂ ರಕ್ಷಣೆ ಇದೆಯೆಂದು ಖಚಿತವಾಗಿ ಹೇಳಲಾಗದಷ್ಟು ಅಗಲವಾದ ವ್ಯಾಪ್ತಿಯೊಡನೆ. ಎರಡೂ ಇರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಬೆಂಗಳೂರು ಇರುವುದೂ ಅಲ್ಲೇ.